ರಕ್ತದಾನ ಶಿಬಿರದ ಕುರಿತು ವಿಜಯಪುರದ ಜನತೆಗೆ ಒಂದು ಬಹಿರಂಗ ಪತ್ರ

ವಿಜಯಪುರ ನಗರ ಮತ್ತು ಸುತ್ತಲಿನ ಹಳ್ಳಿಗಳ ಸಮಸ್ತ ನಾಗರಿಕರಿಗೆ, ಮಠ, ಮಂದಿರ, ಮಸೀದಿ, ಚರ್ಚುಗಳ ಹಿರಿಯರಿಗೆ, ಕಾಲೇಜು ಹಾಗೂ ಕಾರ್ಖಾನೆಗಳ ಮುಖ್ಯಸ್ಥರಿಗೆ,

ಶರಣು ಶರಣಾರ್ಥಿಗಳು.

ಶ್ರಾವಣ ಮುಗಿದು, ಗಣೇಶ ಹಬ್ಬದ ಗದ್ದಲ ಇಳಿದ ಮೇಲೆ ಬರುವ ಮೊದಲ ಭಾನುವಾರ ನಮ್ಮ ಮಠದ ದಾಸೋಹ ಭವನದಲ್ಲಿ ರಕ್ತದಾನ ಶಿಬಿರ ನಡೆಯಲಿದೆ. ಬೆಳಿಗ್ಗೆ ಒಂಬತ್ತಕ್ಕೆ ಆರಂಭವಾಗಿ ಮಧ್ಯಾಹ್ನ ಮೂರರವರೆಗೆ ಇರುತ್ತದೆ. ರಕ್ತ ಪಡೆಯುವವರು ಪರವಾನಗಿ ಹೊಂದಿದ ಸರಕಾರಿ ರಕ್ತನಿಧಿ ಕೇಂದ್ರದ ವೈದ್ಯರು ಮತ್ತು ಸಿಬ್ಬಂದಿ. ಮಠದ ಭಕ್ತ ಮಂಡಳಿಯ ಕೆಲಸವೇನಿದ್ದರೂ ಜಾಗ, ನೀರು, ಊಟ, ನೆರಳು ಒದಗಿಸುವಷ್ಟೇ. ಯಾರು ರಕ್ತ ಕೊಡಬಹುದು, ಯಾರು ಕೊಡಬಾರದು ಎಂದು ನಿರ್ಧರಿಸುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ, ಪೂಜ್ಯ ಸ್ವಾಮೀಜಿಯವರಿಗೂ ಇಲ್ಲ. ಅದನ್ನು ಅವರೇ ಪುರಾಣ ಪ್ರವಚನದ ವೇದಿಕೆಯಿಂದ ಹೇಳಿದ್ದಾರೆ.

ಇಷ್ಟೇ ಆಗಿದ್ದರೆ ಒಂದು ಕರಪತ್ರ ಸಾಕಾಗುತ್ತಿತ್ತು. ಆದರೆ ಶಿಬಿರದ ಸುದ್ದಿ ಹರಡಿದ ಮೇಲೆ ನಮ್ಮ ಬಳಿ ಬಂದ ಸಲಹೆಗಳನ್ನೂ ಕೊಡುಗೆಗಳನ್ನೂ ನೋಡಿದಾಗ ಕೆಲವು ಮಾತುಗಳನ್ನು ಬಹಿರಂಗವಾಗಿ ಬರೆಯಲೇಬೇಕು ಎನಿಸಿತು. ಸಲಹೆ ಕೊಟ್ಟವರೆಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದಾರೆ. ವ್ಯಾಪಾರಸ್ಥ ಭಕ್ತರೊಬ್ಬರು ಪ್ರತಿ ರಕ್ತದಾನಿಗೆ ಒಂದು ಹೆಲ್ಮೆಟ್ ಕೊಡುವುದಾಗಿ ಹೇಳಿದರು. ಶಿಕ್ಷಣ ಸಂಸ್ಥೆಯೊಂದರ ಹಿರಿಯರು ಹುಡುಗರನ್ನು ಎರಡು ಬಸ್ಸಿನಲ್ಲಿ ಕಳುಹಿಸುತ್ತೇವೆ, ಹಾಜರಾತಿಯನ್ನೂ ಕೊಡುತ್ತೇವೆ ಎಂದರು. ಪೂಜ್ಯರ ವಯಸ್ಸು ಎಷ್ಟೋ ಅಷ್ಟು ಚೀಲ ರಕ್ತ ಸಂಗ್ರಹವಾಗಲೇಬೇಕು ಎಂದು ನಮ್ಮ ತರುಣರೇ ಪಣ ತೊಟ್ಟಿದ್ದರು. ಇವೆಲ್ಲವನ್ನೂ ನಾವು ಕೈಮುಗಿದು ಬೇಡವೆಂದಿದ್ದೇವೆ. ಏಕೆ ಬೇಡವೆಂದೆವು ಎಂಬುದೇ ಈ ಪತ್ರದ ವಿಷಯ.

ಸ್ವಯಂಪ್ರೇರಿತ ರಕ್ತದಾನ ಎಂದಾಗ ಬಹಳ ಜನ ಅದನ್ನು ದಾನಿಯ ದೊಡ್ಡ ಗುಣ ಎಂದುಕೊಳ್ಳುತ್ತಾರೆ. ಗುಣದ ಮಾತು ಹಾಗಿರಲಿ, ಮೊದಲಿಗೆ ಅದು ರೋಗಿಯ ಸುರಕ್ಷತೆಯ ಮಾತು. 1996ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದಾಗಿ ನಮ್ಮ ದೇಶದಲ್ಲಿ ಹಣ ಪಡೆದು ರಕ್ತ ಕೊಡುವ ವೃತ್ತಿ 1998ರ ಆರಂಭದಿಂದ ನಿಷೇಧವಾಯಿತು. ಹಣಕ್ಕಾಗಿ ಬರುವವನು ತನ್ನ ಕಾಯಿಲೆಯನ್ನು ಮುಚ್ಚಿಡುತ್ತಾನೆ ಎಂಬುದು ಆ ಕಾಲಕ್ಕೆ ಎಲ್ಲರಿಗೂ ತಿಳಿದಿದ್ದ ಸಂಗತಿ. ಆದರೆ ಮುಚ್ಚಿಡಲು ಹಣವೇ ಬೇಕೆಂದಿಲ್ಲ. ಹೆಲ್ಮೆಟ್ಟಿಗಾಗಿ ಮುಚ್ಚಿಡಬಹುದು, ಹಾಜರಾತಿಗಾಗಿ ಮುಚ್ಚಿಡಬಹುದು, ಗುರುಗಳೆದುರು ಚಿಕ್ಕವನಾಗಬಾರದೆಂದೂ ಮುಚ್ಚಿಡಬಹುದು. ಧಾರ್ಮಿಕ ಸಂಸ್ಥೆಯಾದ ನಮಗೆ ಹೆಚ್ಚು ಅಂಜಿಕೆ ಇರುವುದು ಈ ಕೊನೆಯ ಕಾರಣದ ಬಗ್ಗೆ. ಮಠದ ಅಂಗಳದಲ್ಲಿ ಹಿರಿಯರೊಬ್ಬರು ಬೆನ್ನ ಮೇಲೆ ಕೈಯಿಟ್ಟು ಕೊಡಪ್ಪಾ ಎಂದರೆ ಒಲ್ಲೆ ಎನ್ನುವುದು ಎಷ್ಟು ಕಷ್ಟ ಎಂಬುದು ಈ ಭಾಗದಲ್ಲಿ ಬೆಳೆದ ಎಲ್ಲರಿಗೂ ಗೊತ್ತು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಇಪ್ಪತ್ತೆರಡು ವರ್ಷದ ಯುವಕ. ಗಟ್ಟಿಮುಟ್ಟಾಗಿದ್ದಾನೆ, ಅರವತ್ತು ಕಿಲೋ ತೂಕವಿದ್ದಾನೆ. ಶ್ರಾವಣದ ಜಾತ್ರೆಯಲ್ಲಿ ಗೆಳೆಯರ ಜೊತೆ ಹೋಗಿ ರಸ್ತೆಬದಿಯ ಹಚ್ಚೆಯವನ ಬಳಿ ಮುಂಗೈ ಮೇಲೆ ತಾಯಿಯ ಹೆಸರು ಹಾಕಿಸಿಕೊಂಡಿದ್ದಾನೆ. ಆ ಸೂಜಿ ಅವನಿಗಿಂತ ಮೊದಲು ಎಷ್ಟು ಜನರ ಚರ್ಮ ಹೊಕ್ಕಿತ್ತೋ ಅವನಿಗೆ ಗೊತ್ತಿಲ್ಲ. ಐದು ವಾರ ಕಳೆದಿದೆ, ಗಾಯ ಮಾಗಿದೆ, ಮೈಯಲ್ಲಿ ಏನೂ ತೊಂದರೆಯಿಲ್ಲ. ಹಚ್ಚೆ ಹಾಕಿಸಿಕೊಂಡವರು ಹನ್ನೆರಡು ತಿಂಗಳು ರಕ್ತ ಕೊಡಬಾರದು ಎಂಬ ನಿಯಮವಿದೆ. ಈಗ ಇವನು ಶಿಬಿರಕ್ಕೆ ಬರುತ್ತಾನೆ. ಧ್ವನಿವರ್ಧಕದಲ್ಲಿ ದಾನಿಗಳ ಹೆಸರು ಕೂಗುತ್ತಿದ್ದಾರೆ, ಗೆಳೆಯರು ಮೊಬೈಲ್ ಹಿಡಿದು ನಿಂತಿದ್ದಾರೆ, ವೈದ್ಯರು ಎಲ್ಲರೆದುರೇ ಪ್ರಶ್ನೆ ಕೇಳುತ್ತಿದ್ದಾರೆ. ಅಂಗಿಯ ತೋಳು ಕೆಳಗೆಳೆದುಕೊಂಡು ಇಲ್ಲ ಎಂದು ತಲೆಯಾಡಿಸುವುದು ಅವನಿಗೆ ಸುಲಭ.

ಪರೀಕ್ಷೆ ಮಾಡುತ್ತಾರಲ್ಲ ಎಂದು ನೀವು ಕೇಳಬಹುದು. ಹೌದು, ಮಾಡುತ್ತಾರೆ. ಸಂಗ್ರಹವಾದ ಪ್ರತಿ ಚೀಲದ ರಕ್ತಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಈ ಐದು ಪರೀಕ್ಷೆಗಳು ಕಡ್ಡಾಯ. ಆದರೆ ಸೋಂಕು ಮೈಸೇರಿದ ದಿನವೇ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಮೊದಲ ಕೆಲವು ವಾರ ವೈರಾಣು ರಕ್ತದಲ್ಲಿದ್ದರೂ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದು. ಹೆಪಟೈಟಿಸ್ ಬಿ ಸೋಂಕಿನಲ್ಲಿ ಈ ಅವಧಿ ಇನ್ನೂ ಉದ್ದ. ನಮ್ಮ ಯುವಕನಿಗೆ ಆ ಸೂಜಿಯಿಂದ ಸೋಂಕು ತಗುಲಿದ್ದರೆ ಐದನೆಯ ವಾರದಲ್ಲಿ ಅವನ ಚೀಲ ಪರೀಕ್ಷೆಯಲ್ಲಿ ಪಾರಾಗಿ ಆಸ್ಪತ್ರೆಗೆ ಹೋಗಿಬಿಡಬಹುದು. ಒಂದೇ ಚೀಲದ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ, ಕೆಲವೊಮ್ಮೆ ಪ್ಲೇಟ್‌ಲೆಟ್ ಎಂದು ಬೇರ್ಪಡಿಸುವುದರಿಂದ ಅದು ಒಬ್ಬರಿಗಲ್ಲ, ಇಬ್ಬರು ಮೂವರಿಗೆ ತಲುಪುತ್ತದೆ. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿ ಅವರಲ್ಲಿ ಒಬ್ಬಳಿರಬಹುದು. ಯಂತ್ರಕ್ಕೆ ಕಾಣದ ಆ ಕೆಲವು ವಾರಗಳಲ್ಲಿ ಆ ತಾಯಿಯನ್ನು ಕಾಯುವುದು ಯುವಕ ಹೇಳುವ ನಿಜ ಒಂದೇ. ಅವನು ನಿಜ ಹೇಳಲು ಬೇಕಾದ ಏರ್ಪಾಡು ಮಾಡುವುದು ಶಿಬಿರ ನಡೆಸುವವರ ಹೊಣೆ.

ಆದ್ದರಿಂದ ನಮ್ಮ ಶಿಬಿರದಲ್ಲಿ ಧ್ವನಿವರ್ಧಕ ಇರುವುದಿಲ್ಲ. ದಾನಿಗಳ ಹೆಸರು ಓದುವುದಿಲ್ಲ, ಎಷ್ಟು ಚೀಲವಾಯಿತು ಎಂಬ ಫಲಕ ಬರೆಯುವುದಿಲ್ಲ. ಮಂಚದ ಮೇಲೆ ಮಲಗಿದವರ ಫೋಟೋ ತೆಗೆಯುವಂತಿಲ್ಲ. ವೈದ್ಯರು ಪ್ರಶ್ನೆ ಕೇಳುವುದು ಭವನದ ಪಕ್ಕದ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಒಬ್ಬೊಬ್ಬರನ್ನೇ ಕರೆದು. ಗಂಡನೊಂದಿಗೆ ಹೆಂಡತಿಯಾಗಲಿ, ಮಗನೊಂದಿಗೆ ತಂದೆಯಾಗಲಿ ಆ ಕೋಣೆಯೊಳಗೆ ಹೋಗುವಂತಿಲ್ಲ. ಅಲ್ಲಿಂದ ರಕ್ತ ಕೊಡುವ ಕಡೆಗೂ ಒಂದು ಬಾಗಿಲಿದೆ, ನೇರವಾಗಿ ಉಪಾಹಾರದ ಕಡೆಗೂ ಒಂದು ಬಾಗಿಲಿದೆ. ಹೆಸರು ನೋಂದಾಯಿಸಿದ ಎಲ್ಲರಿಗೂ ಒಂದೇ ಬಗೆಯ ಉಪಾಹಾರ ಸಿಗುತ್ತದೆ, ಕೊಟ್ಟವರಿಗೂ ಕೊಡಲಾಗದವರಿಗೂ. ಯಾರ ಮೊಳಕೈ ಮೇಲೆ ಹತ್ತಿ ಪಟ್ಟಿ ಇದೆ, ಯಾರ ಮೊಳಕೈ ಮೇಲೆ ಇಲ್ಲ ಎಂದು ಎಣಿಸುವ ಚಟ ಕೆಲವರಿಗಿರುತ್ತದೆ. ದಯವಿಟ್ಟು ಅಂದು ಅದನ್ನು ಬಿಡಿ. ನಿನ್ನದೇಕೆ ತೆಗೆಯಲಿಲ್ಲ ಎಂದು ಯಾರನ್ನೂ ಕೇಳಬೇಡಿ.

ಪರೀಕ್ಷೆಯ ಫಲಿತಾಂಶದ ಬಗ್ಗೆಯೂ ಒಂದು ಮಾತು. ಯಾರ ರಕ್ತದಲ್ಲಿ ಏನು ಕಂಡಿತು ಎಂಬುದು ರಕ್ತನಿಧಿ ಕೇಂದ್ರಕ್ಕೂ ಆ ದಾನಿಗೂ ನಡುವಿನ ವಿಷಯ. ಮಠಕ್ಕೆ ಅದು ತಿಳಿಯುವುದಿಲ್ಲ, ತಿಳಿಯಕೂಡದು ಎಂದು ನಾವೇ ಬರೆದುಕೊಟ್ಟಿದ್ದೇವೆ. ಹಾಗೆಯೇ, ಎಚ್‌ಐವಿ ಇದೆಯೋ ಇಲ್ಲವೋ ತಿಳಿದುಕೊಳ್ಳಲೆಂದು ರಕ್ತ ಕೊಡಲು ಯಾರೂ ಬರಬಾರದು. ಆ ಪರೀಕ್ಷೆ ಸರಕಾರಿ ಆಸ್ಪತ್ರೆಯ ಆಪ್ತ ಸಮಾಲೋಚನಾ ಕೇಂದ್ರದಲ್ಲಿ ಗುಟ್ಟಾಗಿ, ಉಚಿತವಾಗಿ ನಡೆಯುತ್ತದೆ.

ಹಚ್ಚೆಯ ಮಾತು ಬಂದಿದ್ದರಿಂದ ನಮ್ಮ ಭಾಗದ ಆಚರಣೆಗಳ ಬಗ್ಗೆ ಇನ್ನೊಂದನ್ನು ಹೇಳಬೇಕು. ಕಳೆದ ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಹೋಗಿ ಹಚ್ಚೆ ಹಾಕಿಸಿಕೊಂಡವರಿಗೂ ಇನ್ನೂ ವರ್ಷ ತುಂಬಿಲ್ಲ, ಅವರು ಮುಂದಿನ ಸಲ ಬರಲಿ. ಕಿವಿ, ಮೂಗು ಚುಚ್ಚಿಸಿಕೊಂಡವರಿಗೂ ಇದೇ ನಿಯಮ. ವೀರಭದ್ರ ದೇವರ ಸೇವೆಯಲ್ಲಿ ಶಸ್ತ್ರ ಹಾಕಿಸಿಕೊಳ್ಳುವ ಪುರವಂತರು ಮತ್ತು ಹರಕೆಯ ಭಕ್ತರು ಕೂಡ ಇದನ್ನು ವೈದ್ಯರಿಗೆ ಹೇಳಬೇಕು. ಅದು ಭಕ್ತಿಯ ಪ್ರಶ್ನೆಯಲ್ಲ. ಒಂದೇ ಶಸ್ತ್ರ ಹಲವರ ಮೈ ಹೊಕ್ಕಿದ್ದರೆ ರಕ್ತಕ್ಕೆ ಅದೂ ಒಂದು ಸೂಜಿಯೇ. ಹನ್ನೆರಡು ತಿಂಗಳು ಕಾದು ಬನ್ನಿ.

ಶಿಬಿರದ ದಿನವನ್ನು ಆರಿಸಿದ ಬಗೆಯನ್ನೂ ಹಲವರು ಪ್ರಶ್ನಿಸಿದ್ದಾರೆ. ಶ್ರಾವಣ ಮಾಸದ ಪುರಾಣ ಮಂಗಲದ ದಿನ ಸಾವಿರಾರು ಜನ ಸೇರುತ್ತಾರೆ, ಅಂದೇ ಇಟ್ಟರೆ ಎಷ್ಟು ಅನುಕೂಲ ಎಂಬುದು ಅವರ ವಾದ. ಅಂದು ಸೇರುವವರಲ್ಲಿ ಎಷ್ಟು ಜನ ಉಪವಾಸವಿರುತ್ತಾರೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ಉಪವಾಸವಿದ್ದವರಿಂದ ರಕ್ತ ಪಡೆಯಬಾರದು ಎಂಬುದು ದೇಶದ ಎಲ್ಲ ರಕ್ತನಿಧಿ ಕೇಂದ್ರಗಳಿಗೂ ಅನ್ವಯವಾಗುವ ನಿಯಮ. ಹೊಟ್ಟೆ ಖಾಲಿಯಿದ್ದು, ನೀರೂ ಸಾಲದೆ ಇರುವ ದೇಹದಿಂದ 350 ಮಿಲಿಲೀಟರ್ ರಕ್ತ ಹೊರಬಂದರೆ ರಕ್ತದೊತ್ತಡ ತಟ್ಟನೆ ಇಳಿದು ತಲೆ ಸುತ್ತುತ್ತದೆ, ಮೈ ಬೆವರುತ್ತದೆ, ಕಣ್ಣು ಕತ್ತಲಿಡುತ್ತದೆ. ಮಂಚದ ಮೇಲಿದ್ದಾಗ ಹೀಗಾದರೆ ಕಾಲು ಎತ್ತರಿಸಿ ಮಲಗಿಸಿದರೆ ಸರಿಹೋಗುತ್ತದೆ. ಎದ್ದು ಹೋಗಿ ಬೈಕ್ ಹತ್ತಿದ ಮೇಲೆ ಆದರೆ ಗತಿಯೇನು? ಆದ್ದರಿಂದ ಶ್ರಾವಣ ಸೋಮವಾರ, ಏಕಾದಶಿ, ಸಂಕಷ್ಟಿಗಳನ್ನೆಲ್ಲ ತಪ್ಪಿಸಿ ಈ ಭಾನುವಾರವನ್ನು ಗೊತ್ತುಮಾಡಿದ್ದೇವೆ. ಯಾವುದೇ ಧರ್ಮದವರಾಗಿರಿ, ಅಂದು ನಿಮ್ಮದು ಯಾವುದೇ ವ್ರತವಿದ್ದರೆ ಅದನ್ನು ನಡೆಸಿ, ರಕ್ತವನ್ನು ಇನ್ನೊಂದು ದಿನ ನೇರವಾಗಿ ರಕ್ತನಿಧಿ ಕೇಂದ್ರಕ್ಕೇ ಹೋಗಿ ಕೊಡಿ. ಬರುವವರು ಮನೆಯಲ್ಲಿ ರೊಟ್ಟಿಯೋ ಉಪ್ಪಿಟ್ಟೋ ತಿಂದು ಬನ್ನಿ, ತಿಂದು ನಾಲ್ಕು ಗಂಟೆ ದಾಟಿರಬಾರದು. ನೀರು ಚೆನ್ನಾಗಿ ಕುಡಿಯಿರಿ. ಹಿಂದಿನ ರಾತ್ರಿ ಮದ್ಯ ಸೇವಿಸಿದವರು ಬರುವುದು ಬೇಡ.

ಇನ್ನು ದೇಹದ ಅರ್ಹತೆ. ವಯಸ್ಸು 18 ತುಂಬಿರಬೇಕು, 65 ಮೀರಿರಬಾರದು. ಮೊದಲ ಸಲ ಕೊಡುವವರಾದರೆ 60ರೊಳಗಿರಬೇಕು. ಪಿಯುಸಿ ಮಕ್ಕಳಲ್ಲಿ ಬಹಳಷ್ಟು ಜನರಿಗೆ 18 ತುಂಬಿರುವುದಿಲ್ಲ, ತಂದೆತಾಯಿ ಒಪ್ಪಿಗೆ ಪತ್ರ ಬರೆದುಕೊಟ್ಟರೂ ಅವರಿಂದ ರಕ್ತ ಪಡೆಯುವಂತಿಲ್ಲ. ತೂಕ ಕನಿಷ್ಠ 45 ಕಿಲೋ ಇರಬೇಕು. ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಜ್ವರ, ಕೆಮ್ಮು ಇರುವವರು ಗುಣವಾಗುವವರೆಗೆ, ಭೇದಿಯಾದವರು ಪೂರ್ತಿ ಗುಣವಾಗಿ ಎರಡು ವಾರ ಕಳೆಯುವವರೆಗೆ ಕಾಯಬೇಕು. ಇದು ಡೆಂಗಿ ಕಾಲ. ಡೆಂಗಿ ಅಥವಾ ಚಿಕೂನ್‌ಗುನ್ಯಾ ಬಂದು ಹೋದವರು ಪೂರ್ತಿ ಗುಣವಾದ ಮೇಲೆ ಆರು ತಿಂಗಳು, ಟೈಫಾಯಿಡ್ ಆದವರು ಒಂದು ವರ್ಷ, ನಾಯಿ ಕಚ್ಚಿ ಲಸಿಕೆ ಹಾಕಿಸಿಕೊಂಡವರೂ ಒಂದು ವರ್ಷ ತಡೆಯಬೇಕು.

ಬಿಪಿ ಮಾತ್ರೆ ನುಂಗುವವರು ತಮ್ಮಿಂದ ಆಗದು ಎಂದು ದೂರ ಉಳಿದುಬಿಡುತ್ತಾರೆ. ಅದು ಪೂರ್ತಿ ನಿಜವಲ್ಲ. ಮೇಲಿನ ಅಂಕಿ 100ರಿಂದ 140, ಕೆಳಗಿನದು 60ರಿಂದ 90ರ ನಡುವೆ ಇದ್ದು, ಕಳೆದ 28 ದಿನಗಳಲ್ಲಿ ಮಾತ್ರೆಯಾಗಲಿ ಅದರ ಪ್ರಮಾಣವಾಗಲಿ ಬದಲಾಗಿರದಿದ್ದರೆ, ಬೇರೆ ತೊಡಕಿಲ್ಲದಿದ್ದರೆ ವೈದ್ಯರು ಒಪ್ಪುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರ ವಿಷಯವೂ ಹೆಚ್ಚು ಕಡಿಮೆ ಹೀಗೆಯೇ. ಇನ್ಸುಲಿನ್ ಚುಚ್ಚಿಕೊಳ್ಳುವವರು ಮಾತ್ರ ಕೊಡುವಂತಿಲ್ಲ. ಮಾತ್ರೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿ, ಉಳಿದದ್ದನ್ನು ವೈದ್ಯರು ನೋಡುತ್ತಾರೆ.

ಹಿಮೋಗ್ಲೋಬಿನ್ ಬಗ್ಗೆ ತುಸು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ತಾಯಂದಿರು, ತಂಗಿಯರು ಹೆಚ್ಚಾಗಿ ಹಿಂದಿರುಗುವುದು ಇಲ್ಲಿಂದಲೇ. ಬೆರಳ ತುದಿಯನ್ನು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣದ ಗಾಜಿನ ಲೋಟಕ್ಕೆ ಬಿಡುವುದನ್ನು ನೀವು ನೋಡಿರಬಹುದು. ಆ ನೀಲಿ ಬೇರೇನೂ ಅಲ್ಲ, ನಮ್ಮ ದ್ರಾಕ್ಷಿ ತೋಟಗಳಲ್ಲಿ ಸುಣ್ಣದ ಜೊತೆ ಕಲಸಿ ಸಿಂಪಡಿಸುವ ಮೈಲುತುತ್ತವೇ. ಅದನ್ನು ನೀರಿನಲ್ಲಿ ಕರಗಿಸಿ ಸಾಂದ್ರತೆಯನ್ನು ಸರಿಯಾಗಿ 1.053ಕ್ಕೆ ತಂದಿರುತ್ತಾರೆ. ಹಿಮೋಗ್ಲೋಬಿನ್ 12.5 ಗ್ರಾಂ ಇರುವ ರಕ್ತದ ಸಾಂದ್ರತೆಯೂ ಅಷ್ಟೇ. ಹನಿ ಹದಿನೈದು ಸೆಕೆಂಡಿನೊಳಗೆ ತಳ ಸೇರಿದರೆ ರಕ್ತ ಕೊಡಬಹುದು. ನಡುವೆಯೇ ತೂಗಾಡಿದರೆ ಅಥವಾ ಮೇಲಕ್ಕೆದ್ದರೆ ಇಂದು ಬೇಡ. ಗಂಡಸಿಗೂ ಹೆಂಗಸಿಗೂ ಅಳತೆ ಒಂದೇ. ಈಗ ಬೆರಳಿನ ಹನಿಯನ್ನು ಸಣ್ಣ ಯಂತ್ರಕ್ಕೆ ಹಾಕಿ ಅಂಕಿ ನೋಡುವುದೂ ಇದೆ, ಮಿತಿ ಮಾತ್ರ ಅದೇ 12.5.

ಹನಿ ತೇಲಿತೆಂದರೆ ಅವಮಾನವಾಗುವುದೇನೂ ಇಲ್ಲ. ಒಳಗೇ ಇದ್ದ ರಕ್ತಹೀನತೆ ಅಂದು ಕಣ್ಣಿಗೆ ಬಿತ್ತು ಎಂದಷ್ಟೇ ಅದರ ಅರ್ಥ. ಅಂಥವರ ಕೈಗೆ ವೈದ್ಯರು ಒಂದು ಚೀಟಿ ಬರೆದುಕೊಡುತ್ತಾರೆ, ಅದನ್ನು ಹಿಡಿದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಬ್ಬಿಣಾಂಶದ ಮಾತ್ರೆ ಪಡೆಯಲಿ. ಮುಟ್ಟಿನ ದಿನಗಳಲ್ಲಿರುವವರು, ಗರ್ಭಿಣಿಯರು, ಹೆರಿಗೆಯಾಗಿ ವರ್ಷ ತುಂಬದವರು, ಮಗುವಿಗೆ ಹಾಲೂಡಿಸುತ್ತಿರುವವರು ರಕ್ತ ಕೊಡುವಂತಿಲ್ಲ. ಅತ್ತೆಯಂದಿರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಸೊಸೆ ಏಕೆ ಕೊಡಲಿಲ್ಲ ಎಂಬ ಲೆಕ್ಕವನ್ನು ಮನೆಗೆ ಹೋಗಿ ಕೇಳಬೇಡಿ.

ಈಗ ಧರ್ಮದ ಮಾತು. ಮಠದಲ್ಲಿ ಶಿಬಿರವಿದೆ, ನಾವು ಬರಬಹುದೇ ಎಂದು ಗೋಳಗುಮ್ಮಟದ ಕಡೆಯ ತರುಣರಿಬ್ಬರು ನನ್ನನ್ನು ಕೇಳಿದರು. ಅವರು ಹಾಗೆ ಕೇಳಬೇಕಾಗಿ ಬಂದದ್ದಕ್ಕೆ ನನಗೆ ಬೇಸರವಾಯಿತು. ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ನೋಂದಣಿ ಚೀಟಿಯಲ್ಲಿ ಜಾತಿ, ಧರ್ಮಗಳ ಅಂಕಣವಿಲ್ಲ. ದಾಸೋಹ ಭವನಕ್ಕೆ ರಸ್ತೆಯ ಕಡೆಯಿಂದಲೇ ಬಾಗಿಲಿದೆ, ಗದ್ದುಗೆಯ ಅಂಗಳ ಹಾಯ್ದು ಬರಬೇಕಿಲ್ಲ. ಯಾರಿಗೂ ವಿಭೂತಿ ಹಚ್ಚುವುದಿಲ್ಲ, ಯಾರ ಕೈಯಲ್ಲೂ ಪ್ರಾರ್ಥನೆ ಮಾಡಿಸುವುದಿಲ್ಲ. ಬುರ್ಖಾ ಧರಿಸಿ ಬರುವ ಸಹೋದರಿಯರಿಗಾಗಿ ಪರದೆ ಹಾಕಿದ ಪ್ರತ್ಯೇಕ ಮಂಚಗಳನ್ನೂ ಮಹಿಳಾ ಸಿಬ್ಬಂದಿಯನ್ನೂ ಕೇಳಿಕೊಂಡಿದ್ದೇವೆ, ಬೇರೆ ಮಹಿಳೆಯರೂ ಅವುಗಳನ್ನು ಬಳಸಬಹುದು. ಚರ್ಚಿನ ಆರಾಧನೆ ಮುಗಿಸಿ ಬರುವವರಿಗೆ ಅನುಕೂಲವಾಗಲೆಂದೇ ಸಮಯವನ್ನು ಮೂರು ಗಂಟೆಯವರೆಗೆ ವಿಸ್ತರಿಸಿದ್ದೇವೆ. ಪ್ರಸಾದ ಒಲ್ಲದವರಿಗೆ ಬಿಸ್ಕತ್ತು, ಬಾಳೆಹಣ್ಣು, ಹಣ್ಣಿನ ರಸ ಇರುತ್ತದೆ, ಕಾರಣ ಕೇಳುವುದಿಲ್ಲ. ಪ್ರಮಾಣಪತ್ರ ರಕ್ತನಿಧಿ ಕೇಂದ್ರದ್ದು, ಅದರ ಮೇಲೆ ಮಠದ ಚಿತ್ರವಾಗಲಿ ಪೂಜ್ಯರ ಭಾವಚಿತ್ರವಾಗಲಿ ಇರುವುದಿಲ್ಲ. ದೇವರನ್ನೇ ನಂಬದವರಿಗೂ ಸ್ವಾಗತ.

ರಕ್ತ ಪಡೆಯುವವರ ವಿಷಯದಲ್ಲೂ ಷರತ್ತಿಲ್ಲ. ಚೀಲದ ಮೇಲೆ ಬರೆಯುವುದು ಒಂದು ಸಂಖ್ಯೆ, ರಕ್ತದ ಗುಂಪು, ಸಂಗ್ರಹಿಸಿದ ದಿನ, ಅವಧಿ ಮುಗಿಯುವ ದಿನ ಇಂಥವನ್ನು ಮಾತ್ರ. ದಾನಿಯ ಹೆಸರು ಇರುವುದಿಲ್ಲ. ನಮ್ಮ ಭಕ್ತರಿಗೆ ಇಷ್ಟು ಚೀಲ ಮೀಸಲಿಡಿ ಎಂದು ಮಂಡಳಿಯ ಸಭೆಯಲ್ಲಿ ಬಂದ ಸೂಚನೆಯನ್ನು ಪೂಜ್ಯರೇ ತಳ್ಳಿಹಾಕಿದರು. ಯಾರಿಗೆ ಮೊದಲು ಬೇಕೋ ಅವರಿಗೆ ಹೋಗಲಿ.

ಇಷ್ಟೇ ಚೀಲ ಆಗಬೇಕೆಂಬ ಪಣವನ್ನು ಕೈಬಿಟ್ಟದ್ದಕ್ಕೆ ತರುಣರಲ್ಲಿ ಇನ್ನೂ ಅಸಮಾಧಾನವಿದೆ ಎಂಬುದು ಗೊತ್ತು. ಅವರಿಗೆ ಹೇಳುವುದಿಷ್ಟು. ಸಂಗ್ರಹಿಸಿದ ಕೆಂಪು ಕಣಗಳ ಆಯುಷ್ಯ, ಬಳಸುವ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ. ಪ್ಲೇಟ್‌ಲೆಟ್‌ಗಳದು ಐದೇ ದಿನ. ಒಂದೇ ದಿನ ಬೇಕಾದ್ದಕ್ಕಿಂತ ಹೆಚ್ಚು ತೆಗೆದರೆ ಉಳಿದದ್ದು ಅವಧಿ ಮೀರಿ ಚೆಲ್ಲಿಹೋಗುತ್ತದೆ. ಅಷ್ಟೂ ದಾನಿಗಳು ಮುಂದಿನ ಮೂರು ತಿಂಗಳು ಕೊಡಲಾಗದವರಾಗುತ್ತಾರೆ. ಅಂದು ಎಷ್ಟು ಬೇಕೆಂಬುದನ್ನು ರಕ್ತನಿಧಿ ಕೇಂದ್ರದವರು ಹೇಳುತ್ತಾರೆ. ಅದು ತುಂಬಿದ ಮೇಲೆ ಬಂದವರ ಹೆಸರು, ಗುಂಪು, ಮೊಬೈಲ್ ಸಂಖ್ಯೆಯನ್ನು ಕೇಂದ್ರದವರೇ ಬರೆದುಕೊಂಡು ಅಗತ್ಯಬಿದ್ದಾಗ ಕರೆಯುತ್ತಾರೆ. ಬೇಸಿಗೆಯಲ್ಲಿ, ಕಾಲೇಜುಗಳಿಗೆ ರಜೆಯಿರುವಾಗ ಬರುವ ಆ ಕರೆಗೆ ಓಗೊಟ್ಟವರೇ ನಮಗೆ ಬೇಕಾದ ದಾಖಲೆ.

ಕಾಲೇಜು ಮತ್ತು ಕಾರ್ಖಾನೆಗಳ ಮುಖ್ಯಸ್ಥರಲ್ಲಿ ವಿನಂತಿ: ಯಾರನ್ನೂ ಕಳುಹಿಸಬೇಡಿ. ಶಿಬಿರದ ಸೂಚನೆಯನ್ನು ಫಲಕದಲ್ಲಿ ಹಾಕಿ, ಅಷ್ಟು ಸಾಕು. ಹಾಜರಾತಿ, ಅಂಕ, ರಜೆ, ಬೋನಸ್ ಯಾವುದನ್ನೂ ಇದಕ್ಕೆ ತಳುಕು ಹಾಕಬೇಡಿ. ಹೆಲ್ಮೆಟ್ ಕೊಡಲು ಮುಂದೆ ಬಂದ ಭಕ್ತರಿಗೆ ಬೇರೆ ದಿನ ಅದನ್ನು ಹಂಚುವಂತೆ ಕೋರಿದ್ದೇವೆ, ಅವರು ಒಪ್ಪಿದ್ದಾರೆ.

ಬರುವವರು ಗುರುತಿನ ಚೀಟಿ ತನ್ನಿ. ಮಂಚದ ಮೇಲೆ ಮಲಗಿದ ಮೇಲೂ ಮನಸ್ಸು ಬದಲಾದರೆ ಎದ್ದು ಹೋಗಬಹುದು, ಸಿಬ್ಬಂದಿಗೆ ಬೇಡವೆಂದರೆ ಸಾಕು. ರಕ್ತ ಹರಿಯುವುದು ಹತ್ತು ನಿಮಿಷದೊಳಗೆ ಮುಗಿಯುತ್ತದೆ. ನಂತರ ಅರ್ಧ ಗಂಟೆ ಕುಳಿತು, ತಿಂದು, ಕುಡಿದು ಹೊರಡಿ. ಕಬ್ಬು ಹೇರುವವರು, ಮೂಟೆ ಹೊರುವವರು ಅಂದು ಭಾರ ಎತ್ತಬಾರದು. ಆ ದಿನದ ಕೂಲಿ ಬಿಡಲಾಗದವರು ಬರಲೇಬೇಕೆಂದಿಲ್ಲ.

ಕೊನೆಯದಾಗಿ, ನಿಮ್ಮ ಚೀಲದ ಸಂಖ್ಯೆ ಬರೆದ ಕಾರ್ಡನ್ನು ಜೋಪಾನ ಮಾಡಿ. ಮನೆಗೆ ಹೋದ ಎರಡು ವಾರದೊಳಗೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಅಥವಾ ಆ ಕೋಣೆಯಲ್ಲಿ ಹೇಳದೆ ಬಿಟ್ಟ ಮಾತೊಂದು ನೆನಪಾದರೆ ಕಾರ್ಡಿನಲ್ಲಿರುವ ರಕ್ತನಿಧಿ ಕೇಂದ್ರದ ಸಂಖ್ಯೆಗೆ ಕರೆ ಮಾಡಿ ಚೀಲದ ಸಂಖ್ಯೆ ತಿಳಿಸಿ. ಕಾರಣ ವಿವರಿಸಬೇಕಿಲ್ಲ. ಚೀಲ ಇನ್ನೂ ಅಲ್ಲೇ ಇದ್ದರೆ ಅವರು ಅದನ್ನು ಬದಿಗಿಡುತ್ತಾರೆ.

ಇಂತಿ ನಿಮ್ಮವ,
ಕಾರ್ಯದರ್ಶಿ, ಮಠದ ಭಕ್ತ ಮಂಡಳಿ
ವಿಜಯಪುರ